ಭಾವನ ಟೀ ಪುಡಿಗೊಂದು ಹೆಸರು

ಕಳೆದ ವರ್ಷ ಆಷಾಢದಲ್ಲಿ ಒಂದು ಮಧ್ಯಾಹ್ನ. ಆಫೀಸಿನಲ್ಲಿ ಡಬ್ಬಿ ಬಿಚ್ಚಿ ಕೂತಿದ್ದೆ, ಶಿವಮೊಗ್ಗದಿಂದ ಭಾವನ ಫೋನು.

“ಹೆಸರು ಫೈನಲ್ ಆಯ್ತು ಕಣೇ. ಕಂಪು. ಕಂಪು ಟೀ! ಹೇಗಿದೆ?”

ಚೆನ್ನಾಗಿದೆ ಭಾವ ಅಂದೆ. ನಿಜಕ್ಕೂ ಚೆನ್ನಾಗಿತ್ತು. ಎರಡೇ ಅಕ್ಷರ, ಅಪ್ಪಟ ಕನ್ನಡ, ಕೇಳಿದ ಕೂಡಲೇ ಮೂಗಿಗೆ ಹಬೆ ಬಂದ ಹಾಗೆ. ಅದಕ್ಕಿಂತ ಹೆಚ್ಚಾಗಿ ಅದು ಅವರ ಅಪ್ಪನ ಮಾತು. ಅಕ್ಕನ ಮಾವ ಬಿಡಿ ಟೀ ಪುಡಿ ವ್ಯಾಪಾರ ಮಾಡ್ತಿದ್ರು. ಹೊಸ ಪೆಟ್ಟಿಗೆ ಒಡೆದಾಗ ಒಂದು ಮುಷ್ಟಿ ಪುಡಿ ತೆಗೆದು, ಅಂಗೈ ಮೇಲೆ ಬಾಯಿಂದ ಬಿಸಿಯುಸಿರು ಬಿಟ್ಟು, ಎದುರಿಗಿದ್ದವರ ಮೂಗಿನ ಹತ್ತಿರ ಹಿಡಿದು “ಕಂಪು ನೋಡಿ” ಅನ್ನೋರು. ಅವರು ತೀರಿಕೊಂಡು ಮೂರು ವರ್ಷ ಆಗಿತ್ತು. ಬಣ್ಣಕ್ಕೂ ಕಡಕ್ ರುಚಿಗೂ ಅಸ್ಸಾಮಿನ ಪುಡಿ, ಪರಿಮಳಕ್ಕೆ ನೀಲಗಿರಿಯದು. ಅವರು ಬೆರೆಸುತ್ತಿದ್ದ ಅದೇ ಪ್ರಮಾಣದಲ್ಲಿ ಬೆರೆಸಿ, ನೂರು ಗ್ರಾಂ, ಇನ್ನೂರೈವತ್ತು ಗ್ರಾಂ ಪ್ಯಾಕೆಟ್ ಮಾಡಿ ಮಾರಬೇಕು ಅನ್ನೋದು ಭಾವನ ಆಸೆ. ಶ್ರಾವಣಕ್ಕೆ ಶುರು.

ಪಕ್ಕದಲ್ಲಿ ಕೂತಿದ್ದ ಅನಂತಪುರದ ಹುಡುಗಿ ಫೋನಿನ ಮಾತು ಕೇಳಿಸಿಕೊಂಡು ನಗೋಕೆ ಶುರು ಮಾಡಿದಳು. “ಅಕ್ಕಾ, ಟೀ ಪುಡಿಗೆ ಯಾರಾದ್ರೂ ಗಬ್ಬುನಾತ ಅಂತ ಹೆಸರಿಡ್ತಾರಾ?”

ತೆಲುಗಿನಲ್ಲಿ ಕಂಪು ಅಂದ್ರೆ ದುರ್ವಾಸನೆ. ಚರಂಡಿ ಪಕ್ಕ ಹೋಗುವಾಗ ಮೂಗು ಮುಚ್ಚಿಕೊಂಡು ಹೇಳುವ ಪದ ಅದು. ಪದವೂ ಅದೇ, ಉಚ್ಚಾರಣೆಯೂ ಅದೇ, ಅರ್ಥ ಮಾತ್ರ ನೂರೆಂಬತ್ತು ಡಿಗ್ರಿ ತಿರುಗಿದೆ. ಭಾವನಿಗೆ ಮೊದಲ ದೊಡ್ಡ ಆರ್ಡರ್ ಕೊಡ್ತೀನಿ ಅಂದಿದ್ದವರೋ, ಬಳ್ಳಾರಿಯಿಂದ ಅನಂತಪುರದವರೆಗೆ ಸಪ್ಲೈ ಮಾಡುವ ವಿತರಕರು!

ಎದುರಿಗೆ ಸೇಲಂ ಹುಡುಗ ಇದ್ದ. ಅವನಿಗೂ ಕೇಳಿದೆ. “ಕಂಬು ಅಂದ್ರೆ ಸಜ್ಜೆ ಅಲ್ವಾ? ಸಜ್ಜೆ ಹಿಟ್ಟು ಮಾರ್ತಾರಾ ನಿಮ್ಮ ಭಾವ?” ಅಂದ. ನಾನು ಕಂಪು ಅಂದಿದ್ದೆ, ಅವನು ಕಂಬು ಮಾಡಿಕೊಂಡ. ತಮಿಳು ಲಿಪಿಯಲ್ಲಿ ಪ, ಬ ಎರಡಕ್ಕೂ ಒಂದೇ ಅಕ್ಷರ. ಅನುನಾಸಿಕದ ಹಿಂದೆ ಅದು ಬಂದರೆ ನಾಲಿಗೆ ತಾನಾಗೇ ‘ಬ’ ಅನ್ನುತ್ತದೆ. ಹೊಸೂರಿನ ಅಂಗಡಿಯಲ್ಲಿ ಆ ಪ್ಯಾಕೆಟ್ಟನ್ನು ತಮಿಳಿನಲ್ಲಿ ಓದಿದವರಿಗೆಲ್ಲ ಸಜ್ಜೆ ಗಂಜಿಯೇ ನೆನಪಾಗೋದು.

ಆಪ್‌ಗಳ ಬರಹವನ್ನು ಬೇರೆ ಬೇರೆ ಭಾಷೆಗೆ ಹೊಂದಿಸುವ ತಂಡದಲ್ಲಿ ಕೆಲಸ ನನ್ನದು. ಬೆಳಗಾದರೆ ಇದನ್ನೇ ಮಾಡುವವಳು, ಮನೆಯವರ ವಿಷಯ ಬಂದಾಗ “ಚೆನ್ನಾಗಿದೆ ಭಾವ” ಅಂದುಬಿಟ್ಟಿದ್ದೆ. ಅವತ್ತು ಊಟ ಸೇರಲಿಲ್ಲ. ಸಂಜೆ ಫೋನ್ ಮಾಡಿ ವಿಷಯ ಹೇಳಿದೆ. ಆ ಕಡೆ ಸುಮಾರು ಹೊತ್ತು ಸದ್ದೇ ಇಲ್ಲ.

“ಅಂದ್ರೆ ನಮ್ಮ ಪುಡಿಗೆ ನಮ್ಮ ಭಾಷೆಲಿ ಹೆಸರಿಡೋ ಹಾಗಿಲ್ವಾ?”

ಆ ಪ್ರಶ್ನೆಗೆ ನನ್ನ ಹತ್ತಿರ ತಕ್ಷಣ ಉತ್ತರ ಇರಲಿಲ್ಲ. ಇನ್ನೊಂದು ವಿಷಯ ಮಾತ್ರ ಕೇಳಿದೆ, ಸಿಲಿಂಡರ್‌ಗೆ ಕೊಟ್ಟಾಯ್ತಾ ಅಂತ. ಈ ಹೊಳೆಯುವ ಪೌಚ್‌ಗಳನ್ನು ಸಾಮಾನ್ಯವಾಗಿ ಗ್ರಾವ್ಯೂರ್ ಯಂತ್ರದಲ್ಲಿ ಪ್ರಿಂಟ್ ಮಾಡ್ತಾರೆ. ಒಂದೊಂದು ಬಣ್ಣಕ್ಕೂ ಒಂದೊಂದು ಲೋಹದ ಸಿಲಿಂಡರ್ ಕೆತ್ತಬೇಕು. ಪ್ರಿಂಟೂ ರೋಲ್‌ಗಟ್ಟಲೆ. ಕೆತ್ತಿದ ಮೇಲೆ ಹೆಸರು ಬದಲಾದರೆ ಹೆಸರಿರುವ ಸಿಲಿಂಡರ್‌ಗಳೆಲ್ಲ ಗುಜರಿ, ಪ್ರಿಂಟಾದ ರೋಲೂ ಗುಜರಿ. ಪುಣ್ಯಕ್ಕೆ ಸೋಮವಾರ ಕೊಡೋದಿತ್ತು. ಅವತ್ತು ಗುರುವಾರ.

ಇಂಗ್ಲಿಷ್ ಅಕ್ಷರದಲ್ಲಿ ಕೆಟ್ಟ ಹೆಸರುಗಳು

ಪ್ರಿಂಟಿನವರಿಗೆ ಒಂದು ತಿಂಗಳು ತಡ ಅಂತ ಹೇಳಿದ್ದಾಯ್ತು. ಮನೆಯ ವಾಟ್ಸಾಪ್ ಗ್ರೂಪಿನಲ್ಲಿ ಹೆಸರುಗಳ ಮಳೆ. ಎಲ್ಲರೂ ಕನ್ನಡ ಪದಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡ್ತಿದ್ರು. ಅದು ಒಳ್ಳೆಯದೇ ಆಯ್ತು. ಬೇರೆ ಭಾಷೆಯ ಅರ್ಥ ಹೆಸರನ್ನು ಕೆಡಿಸುತ್ತದೆ ಅಂತ ಮಾತ್ರ ನಾವು ಅಂದುಕೊಂಡಿರ್ತೀವಿ. ಅದಕ್ಕಿಂತ ಹೆಚ್ಚಾಗಿ ಕೆಡಿಸುವುದು ಪ್ಯಾಕೆಟ್ ಮೇಲಿನ ಇಂಗ್ಲಿಷ್ ಲಿಪಿ. ಅದರಲ್ಲಿ ಹ್ರಸ್ವ–ದೀರ್ಘ ಇಲ್ಲ, ತ–ಟ ಭೇದ ಇಲ್ಲ.

ಚಿಕ್ಕಮ್ಮ ‘ಹನಿ’ ಅಂತ ಕಳಿಸಿದರು. Hani ಅಂತ ಬರೆದ ಕೂಡಲೇ ಅದು ‘ಹಾನಿ’ಯೂ ಆಗಬಹುದು. ಕನ್ನಡ, ಮರಾಠಿ, ಹಿಂದಿ ಎಲ್ಲದರಲ್ಲೂ ಹಾನಿ ಹಾನಿಯೇ. ಇಂಗ್ಲಿಷ್ ಮೀಡಿಯಂ ಮಕ್ಕಳು ಓದಿದರೆ ಜೇನುತುಪ್ಪ. ದೊಡ್ಡಪ್ಪ ‘ಮುತ್ತು’ ಅಂದರು. ಸಿಟಿಸಿ ಪುಡಿ ಗುಂಡಗೆ ಕಾಳುಕಾಳಾಗಿರುತ್ತಲ್ಲ, ಮುತ್ತಿನ ಹಾಗೆ. ಆದರೆ Muttu ಅಂತ ಬರೆದು ಬೇರೆಯವರ ಕೈಗೆ ಕೊಟ್ಟರೆ ‘ಮುಟ್ಟು’ ಅಂತಲೂ ಓದಬಹುದು. ಇದನ್ನು ಗ್ರೂಪಿನಲ್ಲಿ ದೊಡ್ಡಪ್ಪನಿಗೆ ಯಾರು ವಿವರಿಸೋದು? ಅಕ್ಕ ಬರೀ ಒಂದು ಸ್ಮೈಲಿ ಹಾಕಿ ಸುಮ್ಮನಾದಳು.

ನನಗೆ ತುಂಬ ಇಷ್ಟವಾಗಿದ್ದು ‘ಗುಟುಕು’. ಒಂದು ಗುಟುಕು ಚಹಾ ಅನ್ನೋದಕ್ಕಿಂತ ಹತ್ತಿರದ ಮಾತು ಬೇರೆ ಯಾವುದಿದೆ? ತೆಲುಗಿನಲ್ಲೂ ‘ಗುಟಕ’ ಅಂದ್ರೆ ಗುಟುಕೇ. ಅರ್ಥದಲ್ಲಿ ಪಾಸ್. ಆದರೆ Gutuku ಅಂತ ಬರೆದು ಆಫೀಸಿನಲ್ಲಿ ನಾಲ್ಕು ಜನಕ್ಕೆ ತೋರಿಸಿದೆ, ನಾಲ್ವರೂ ‘ಗುಟ್ಕಾ’ ಅಂದರು. ಹಲವು ರಾಜ್ಯಗಳಲ್ಲಿ ನಿಷೇಧವಾಗಿರುವ ವಸ್ತು. ನಮ್ಮದೋ ಗೂಡಂಗಡಿಯಲ್ಲಿ ನೇತುಹಾಕುವ ಸಣ್ಣ ಪ್ಯಾಕೆಟ್! ಅಲ್ಲಿಗೆ ಅದು ಮುಗೀತು.

‘ಘಮ’ದ ಕಥೆ ಇನ್ನೂ ಮಜಾ. ಘಮಘಮ ಅನ್ನೋದು ನಮ್ಮ ಸುತ್ತಲಿನ ಭಾಷೆಗಳಿಗೆಲ್ಲ ಗೊತ್ತಿರುವ ಸದ್ದು. ತೆಲುಗಿನಲ್ಲಿ ಘುಮಘುಮ, ತಮಿಳಿನಲ್ಲಿ ಗಮಗಮ, ಮರಾಠಿಯಲ್ಲಿ ಘಮಘಮಾಟ. ಇದೇ ಸರಿ ಅಂತ ಭಾವ ಕುಣಿದುಬಿಟ್ಟರು. ಎರಡು ಸಲ ಹೇಳಿದರೆ ಪರಿಮಳ ಹೌದು. ಪ್ಯಾಕೆಟ್‌ಗೆ ಉದ್ದವಾಯ್ತು ಅಂತ ಒಂದೇ ಸಲ Ghama ಅಂತ ಬರೆದು ಬೆಳಗಾವಿಯ ಗೆಳತಿಗೆ ಕಳಿಸಿದೆ. “ಘಾಮ್?” ಅಂತ ಕೇಳಿದಳು. ಮರಾಠಿಯಲ್ಲಿ ಘಾಮ್ ಅಂದ್ರೆ ಬೆವರು. ಹಿಂದಿ ಸಿನಿಮಾ ನೋಡುವವರಿಗೆ ಬೇರೆಯದೇ ಹೊಳೆಯುತ್ತೆ. ‘ಕಭಿ ಖುಷಿ ಕಭಿ ಗಮ್’ ಪೋಸ್ಟರ್ ನೆನಪಿಸಿಕೊಳ್ಳಿ, ದುಃಖ ಅನ್ನುವ ಆ ಪದವನ್ನು ಅಲ್ಲಿ ಬರೆದಿರೋದೇ Gham ಅಂತ. ಬೆಳಗ್ಗೆ ಎದ್ದು ಬೆವರೋ ದುಃಖವೋ ಕುಡಿಯೋದು ಯಾರಿಗೆ ಬೇಕು?

ಇಷ್ಟರಲ್ಲಿ ನನ್ನ ತಮ್ಮ ‘ಜಾವ’ ಅಂತ ಹಾಕಿದ. ಬೆಳಗಿನ ಜಾವದ ಜಾವ. ಅವನು ಪ್ರೋಗ್ರಾಮರ್, ಹಾಗಾಗಿ ಯಾಕೆ ಬೇಡ ಅಂತ ಅವನಿಗೆ ವಿವರಿಸಬೇಕಾಗಲಿಲ್ಲ. ಅದು ಕೋಡಿಂಗ್ ಭಾಷೆ, ಅದು ಬೈಕು, ಅಮೆರಿಕದವರ ಬಾಯಲ್ಲಿ ಕಾಫಿ. ಇವೆಲ್ಲ ಸಾಲದು ಅಂತ ತೆಲುಗಿನಲ್ಲಿ ಜಾವ ಅಂದ್ರೆ ಗಂಜಿ, ರಾಗಿ ಜಾವ. ಒಂದೇ ಪದಕ್ಕೆ ಇಷ್ಟು ಕಡೆ ಕೈಕಾಲು!

ಟೀ ಅಂತ ಹೇಳದೆ ಕೇಳಿದ್ದು

ಹೀಗೆ ಜರಡಿ ಹಿಡಿದ ಮೇಲೆ ಕೈಯಲ್ಲಿ ಉಳಿದದ್ದು ನಾಲ್ಕು: ತಳಿರು, ಚಿಗುರು, ಮಂಜು, ಮತ್ತೆ ಅಕ್ಕ ಸುಮ್ಮನೆ ಬರೆದಿದ್ದ ‘ಮೈನಾ’. ಅಡುಗೆಮನೆ ಕಿಟಕಿಗೆ ದಿನಾ ಬರುವ ಹಕ್ಕಿ ನೋಡಿ ಬರೆದದ್ದಂತೆ. ಭಾವ ಅದನ್ನು ಲೆಕ್ಕಕ್ಕೇ ತಗೊಂಡಿರಲಿಲ್ಲ. “ಟೀಗೂ ಮೈನಾಗೂ ಏನು ಸಂಬಂಧ? ಅದರ ಕನ್ನಡ ಹೆಸರೂ ಅದಲ್ಲ, ಗೊರವಂಕ.”

ಇವನ್ನು ಜನರ ಮುಂದೆ ಇಡುವಾಗ ಒಂದು ನಿಯಮ ಮಾಡಿಕೊಂಡೆ. ಇದು ಟೀ ಹೆಸರು ಅಂತ ಹೇಳಬಾರದು, ಚೆನ್ನಾಗಿದೆಯಾ ಅಂತಲೂ ಕೇಳಬಾರದು. ಚೆನ್ನಾಗಿದೆಯಾ ಅಂತ ಕೇಳಿದರೆ ನಮ್ಮ ಜನ ಚೆನ್ನಾಗಿದೆ ಅಂತಲೇ ಹೇಳ್ತಾರೆ, ನಾನು ಭಾವನಿಗೆ ಹೇಳಿದ ಹಾಗೆ. ಕೇಳಬೇಕಾದದ್ದು ಇಷ್ಟೇ: ಈ ಪದ ಕೇಳಿದರೆ ಮೊದಲು ಏನು ನೆನಪಾಗುತ್ತೆ? ಡಿಕ್ಷನರಿ ನೋಡಿದರೆ ಸಾಕಾಗಲ್ವಾ ಅಂತ ಭಾವ ಕೇಳಿದರು. ಡಿಕ್ಷನರಿಯಲ್ಲಿ ಬೈಗುಳ, ಅಡ್ಡಹೆಸರು, ಹಳೇ ಜಾಹೀರಾತು ಇವೆಲ್ಲ ಇರಲ್ಲ. ಹತ್ತಿರ ಹತ್ತಿರ ಕೇಳಿಸುವ ಬೇರೆ ಪದಗಳೂ ಅಲ್ಲಿ ಒಟ್ಟಿಗೆ ಸಿಗಲ್ಲ. ಅವು ಜನರ ತಲೆಯಲ್ಲಿರುತ್ತವೆ.

ಎರಡನೆಯದು ಬರೆದು ಓದಿಸುವುದು. ಸೇಲಂ ಹುಡುಗನಿಗೆ ಬಾಯಲ್ಲಿ ಹೇಳಿ ತಮಿಳು ಲಿಪಿಯಲ್ಲಿ ಬರೆಸಿದೆ. ಆ ಚೀಟಿಯನ್ನು ಪದ ಗೊತ್ತಿಲ್ಲದ ಇನ್ನೊಬ್ಬ ತಮಿಳಿನವರಿಗೆ ಕೊಟ್ಟು ಓದಿಸಿದೆ. ಹೋದ ಹೆಸರೇ ವಾಪಸ್ ಬಂತಾ ನೋಡಬೇಕು. ಹಾಗೇ ಇಂಗ್ಲಿಷ್ ಅಕ್ಷರದಲ್ಲಿ ಬರೆದು ಬೆಳಗಾವಿಗೂ ಅನಂತಪುರಕ್ಕೂ ಕಳಿಸಿ, ಓದಿ ವಾಯ್ಸ್ ಮೆಸೇಜ್ ಕಳಿಸಿ ಅಂದೆ.

‘ಚಿಗುರು’ ತೆಲುಗಿಗೂ ಚಿಗುರೇ, ಅರ್ಥದಲ್ಲಿ ಏನೂ ತೊಂದರೆ ಇರಲಿಲ್ಲ. ತಮಿಳಿನಲ್ಲಿ ಮಾತ್ರ ‘ಸಿಗುರು’ ಆಗಿ ವಾಪಸ್ ಬಂತು. ಪದದ ಮೊದಲಿಗೆ ಬರುವ ಆ ಅಕ್ಷರವನ್ನು ಅವರಲ್ಲಿ ಬಹಳ ಜನ ‘ಸ’ ಅಂತಲೇ ಓದುತ್ತಾರೆ. ‘ತಳಿರು’ ತಮಿಳಿನವರಿಗೂ ಮಲಯಾಳಿಗಳಿಗೂ ಬಲು ಇಷ್ಟ, ಅವರಲ್ಲೂ ಅದು ತಳಿರ್. ಆದರೆ ದಕ್ಷಿಣದಲ್ಲಿ ‘ತ’ ಬರೆಯೋಕೆ ನಾವು th ಹಾಕ್ತೀವಿ, ಉತ್ತರದ ಕಡೆ ಅದು ‘ಥ’. Thaliru ಅನ್ನೋದು ಬೆಳಗಾವಿಯ ಗೆಳತಿಯ ತಂದೆಯ ಬಾಯಲ್ಲಿ ‘ಥಾಲಿರು’ ಆಯ್ತು. “ಥಾಲಿ ಅಂದ್ರ ಊಟದ ಖಾನಾವಳಿ ಏನವಾ?” ಅಂತ ಅವರು ವಾಯ್ಸ್ ಮೆಸೇಜಿನಲ್ಲೇ ಕೇಳಿದ್ರು. ‘ಮಂಜು’ ಎಲ್ಲ ಕಡೆಯಿಂದ ಸರಿಯಾಗೇ ವಾಪಸ್ ಬಂತು. ತೆಲುಗಿನ ಮಂಚು, ಮಲಯಾಳದ ಮಞ್ಞ್ ಎಲ್ಲ ಹಿಮ-ಇಬ್ಬನಿಯ ಮನೆಯವೇ. ಆದರೆ ಕನ್ನಡದವರಿಗೆ ಮೊದಲು ಏನು ನೆನಪಾಯ್ತು ಗೊತ್ತಾ? ನಮ್ಮ ಆಫೀಸಿನ ಮಂಜು, ಪಕ್ಕದ್ಮನೆ ಮಂಜು, ಆಟೋ ಮಂಜು. ಜೊತೆಗೆ ಬಿಸಿಬಿಸಿ ಟೀಗೆ ತಣ್ಣನೆ ಹೆಸರು.

ಮೈನಾ ಮಾತ್ರ ಹೋದ ಹಾಗೇ ವಾಪಸ್ ಬಂತು. ಕನ್ನಡ, ತೆಲುಗು, ತಮಿಳು, ಮರಾಠಿ, ಹಿಂದಿ ಎಲ್ಲರೂ ಮೈನಾ ಅಂತಲೇ ಓದಿದರು, ಎಲ್ಲರಿಗೂ ಹಕ್ಕಿಯೇ ನೆನಪಾಯ್ತು. ಅನಂತಪುರದಿಂದ ಒಬ್ಬರು ಮಾತ್ರ ಮೈನಂ, ಅಂದ್ರೆ ಮೇಣ, ಅಂತ ಅಂದದ್ದು ಬಿಟ್ಟರೆ ಎಡವಟ್ಟಿಲ್ಲ. ಯಾಕೆ ಅಂತ ಆಮೇಲೆ ಹೊಳೆಯಿತು. ತಮಿಳು ಲಿಪಿಯಲ್ಲಿ ಗೊಂದಲ ಆಗೋದು ಕ–ಗ, ಚ–ಸ, ತ–ದ, ಪ–ಬ ಇಂಥ ಜೋಡಿಗಳಲ್ಲಿ. ಮಹಾಪ್ರಾಣದ ಗೊಂದಲ ಬೇರೆ. ಮ, ನ, ಯ, ಲ, ವ ಇವಕ್ಕೆ ಆ ಕಾಟ ಇಲ್ಲ. ಮೈನಾದಲ್ಲಿ ಇರೋದೇ ಮ ಮತ್ತು ನ. ಅಕ್ಕ ಇದೆಲ್ಲ ಯೋಚಿಸಿ ಬರೆದಿರಲಿಲ್ಲ ಬಿಡಿ.

ಮಾರನೇ ದಿನ ಯಾವುದು ನೆನಪಿತ್ತು

ಮೂರನೇ ಪರೀಕ್ಷೆ ನೆನಪಿನದು. ಭಾಷೆಗೆ ಆರು ಜನರಂತೆ ಇಪ್ಪತ್ತನಾಲ್ಕು ಜನಕ್ಕೆ ನಾಲ್ಕೂ ಹೆಸರು ಒಂದೊಂದೇ ಸಲ ಓದಿ ಹೇಳಿದೆ. ಏನೂ ಸುಳಿವು ಕೊಡದೆ ಮಾರನೇ ದಿನ ಮತ್ತೆ ಫೋನ್ ಮಾಡಿ, ನಿನ್ನೆ ಹೇಳಿದ್ದರಲ್ಲಿ ಯಾವುದು ನೆನಪಿದೆ ಅಂತ ಕೇಳಿದೆ. ಮರಾಠಿಯವರಲ್ಲಿ ತಳಿರು ಒಬ್ಬರಿಗೂ ನೆನಪಿರಲಿಲ್ಲ. ಮೈನಾ ಇಪ್ಪತ್ತು ಜನಕ್ಕೆ ನೆನಪಿತ್ತು. ಅದರಲ್ಲೂ ಮೂವರು ಪದ ಮರೆತು “ಅದೇ, ಆ ಹಕ್ಕಿದು” ಅಂದರು. ಮೊದಲು ಅವರನ್ನು ಫೇಲ್ ಅಂತ ಬರೆದುಕೊಂಡಿದ್ದೆ, ಆಮೇಲೆ ತಿದ್ದಿದೆ. ಅಂಗಡಿಯಲ್ಲಿ ಹೆಸರು ಒಂದೇ ಇರಲ್ಲ, ಚಿತ್ರವೂ ಇರುತ್ತದೆ. ಬೆರಳು ತೋರಿಸಿ “ಆ ಹಕ್ಕಿದು ಕೊಡಿ” ಅಂದರೂ ಪುಡಿ ಮಾರಾಟವಾದ ಹಾಗೇ.

ಟೀ ವ್ಯಾಪಾರದ ಹಳಬರಿಗೆ ಇದು ಗೊತ್ತಿತ್ತು. ತ್ರೀ ರೋಸಸ್ ಕೇಳೋಕೆ ಓದು ಬರಬೇಕಾಗಿಲ್ಲ, ಮೂರು ಗುಲಾಬಿ ಎಣಿಸಿದರೆ ಸಾಕು. ಗುಜರಾತಿನ ವಾಘ್ ಬಕ್ರಿ ಪ್ಯಾಕೆಟ್ ಮೇಲೆ ಹುಲಿಯೂ ಆಡೂ ಒಂದೇ ಬಟ್ಟಲಿನಲ್ಲಿ ಕುಡಿಯುವ ಚಿತ್ರ, ಯಾವ ಭಾಷೆಯವರು ಬೇಕಾದರೂ ತಮ್ಮ ಭಾಷೆಯಲ್ಲಿ ಓದಿಕೊಳ್ಳಬಹುದು. ಹುಲಿಗೂ ಟೀಗೂ ಸಂಬಂಧ ಕೇಳಿದವರಿಲ್ಲ. 1869ರಲ್ಲಿ ಮ್ಯಾಂಚೆಸ್ಟರ್‌ನಲ್ಲಿ ಅಂಗಡಿ ತೆರೆದ ಆರ್ಥರ್ ಬ್ರೂಕ್ ತನ್ನ ಹೆಸರಿನ ಪಕ್ಕ ‘ಬಾಂಡ್’ ಸೇರಿಸಿಕೊಂಡ. ಬಾಂಡ್ ಅನ್ನುವ ಪಾಲುದಾರ ಯಾರೂ ಇರಲೇ ಇಲ್ಲ, ಕಿವಿಗೆ ಚೆನ್ನಾಗಿತ್ತು ಅಷ್ಟೇ. ಇದನ್ನು ಹೇಳಿದಾಗ ಭಾವನ ಮುಖ ಸ್ವಲ್ಪ ಸಡಿಲವಾಯ್ತು.

ಅಡ್ಡಗಾಲು ಹಾಕಿದ್ದು ಅಕ್ಕನ ಮಗಳು. ಐದನೇ ಕ್ಲಾಸು. “ಒಂದೇ ಮೈನಾ ನೋಡಿದ್ರೆ ಬ್ಯಾಡ್ ಲಕ್ ಚಿಕ್ಕಮ್ಮಾ, ಎರಡು ನೋಡಿದ್ರೆ ಗುಡ್ ಲಕ್.” ಇಂಗ್ಲಿಷ್ ಶಾಲೆಯ ಮಕ್ಕಳಲ್ಲಿ ಓಡಾಡುವ ನಂಬಿಕೆ ಇದು. ಬೇರೆ ಹಕ್ಕಿಯ ಮೇಲಿದ್ದ ಅಲ್ಲಿನ ಶಿಶುಪ್ರಾಸ ಇಲ್ಲಿಗೆ ಬಂದು ಮೈನಾ ಮೇಲೆ ಕೂತಿದೆ. ಆಫೀಸಿನಲ್ಲಿ ವಿಚಾರಿಸಿದರೆ ಬೇರೆ ಬೇರೆ ಊರಿನಲ್ಲಿ ಬೆಳೆದ ಹತ್ತಾರು ಜನಕ್ಕೆ ಇದು ಗೊತ್ತು! ನನ್ನ ಪಟ್ಟಿಯಲ್ಲಿ ಇಂಥದ್ದಕ್ಕೆ ಖಾನೆಯೇ ಇರಲಿಲ್ಲ. ಆದರೆ ಪರಿಹಾರವೂ ಅವಳ ಮಾತಿನಲ್ಲೇ ಇತ್ತು. ಎರಡು ಮೈನಾ. ಜೋಡಿ ಮೈನಾ. ಜೋಡಿ ಅನ್ನೋದೂ ನಮ್ಮ ನಾಲ್ಕೂ ಭಾಷೆಗೆ ಜೋಡಿಯೇ, ಹಿಂದಿಗೂ. ಭಾವನ ಅಂಗಡಿ ಮುಂದೆ ಸಂಜೆ ಟ್ರಾಫಿಕ್ಕಿನ ಗದ್ದಲದಲ್ಲಿ ರಸ್ತೆಯಾಚೆಯಿಂದ ಕೂಗಿಸಿ ನೋಡಿದೆವು. ಬರೀ ‘ಮೈನಾ’ ಎರಡು ಸಲ “ಏನು?” ಅನ್ನಿಸಿಕೊಂಡಿತ್ತು, ‘ಜೋಡಿ ಮೈನಾ’ ಮೊದಲ ಸಲಕ್ಕೇ ಕೇಳಿಸಿತು.

ಆಮೇಲೆ ವಕೀಲರ ಹತ್ತಿರ ಹೋದೆವು. ಟ್ರೇಡ್‌ಮಾರ್ಕ್ ರಿಜಿಸ್ಟ್ರಿಯ ವೆಬ್‌ಸೈಟಿನಲ್ಲಿ ಯಾರು ಬೇಕಾದರೂ ಹುಡುಕಬಹುದು. ಟೀ ಇರೋದು 30ನೇ ವರ್ಗದಲ್ಲಿ. ಅಕ್ಷರ ಹೊಂದಿಸಿ ಹುಡುಕಿದರೆ ಸಾಲದು, ಉಚ್ಚಾರಣೆ ಹೊಂದಿಸುವ ಫೊನೆಟಿಕ್ ಹುಡುಕಾಟವೂ ಇದೆ. Maina, Myna, Mynah, ಕೊನೆಗೆ Meena ತನಕ ಎಲ್ಲ ಹಾಕಿ ನೋಡಿದೆವು. ಅಲ್ಲಿ ಅವರು ಹೇಳಿದ ಒಂದು ಮಾತು ನನ್ನನ್ನು ಬೆಚ್ಚಿಬೀಳಿಸಿತು. ತೆಲುಗಿನ ತೊಂದರೆ ಇಲ್ಲದಿದ್ದರೂ ‘ಕಂಪು’ ಕಷ್ಟವೇ ಆಗ್ತಿತ್ತಂತೆ. ಸರಕಿನ ಗುಣವನ್ನೇ ಹೇಳುವ ಪದಕ್ಕೆ ಟ್ರೇಡ್ ಮಾರ್ಕ್ಸ್ ಕಾಯ್ದೆ, 1999ರ 9ನೇ ಸೆಕ್ಷನ್ ಅಡ್ಡ ಬರುತ್ತದೆ. ಕನ್ನಡದಲ್ಲಿದೆ, ಯಾರಿಗೂ ಗೊತ್ತಾಗಲ್ಲ ಅನ್ನೋ ಹಾಗೂ ಇಲ್ಲ, ಅರ್ಜಿಯಲ್ಲೇ ಇಂಗ್ಲಿಷ್ ಅಥವಾ ಹಿಂದಿ ಅರ್ಥ ಬರೆದು ಕೊಡಬೇಕು. ಚಿಗುರು, ತಳಿರಿಗೂ ಇದೇ ಪ್ರಶ್ನೆ. ಟೀಗೂ ಮೈನಾಗೂ ಸಂಬಂಧ ಇಲ್ಲ ಅಂತ ಭಾವ ಬೈದಿದ್ದರಲ್ಲ, ಆ ಸಂಬಂಧ ಇಲ್ಲದಿರೋದೇ ಇಲ್ಲಿ ಅದರ ಬಲ. ಸಣ್ಣ ಉದ್ಯಮಕ್ಕೆ ಆನ್‌ಲೈನ್ ಅರ್ಜಿ ಶುಲ್ಕ 4,500 ರೂಪಾಯಿ. ರಿಜಿಸ್ಟರ್ ಆಗುವ ತನಕ ಟಿಎಂ ಗುರುತು ಹಾಕಬಹುದು, ವೃತ್ತದೊಳಗಿನ ಆರ್ ಹಾಕಿದರೆ ಅಪರಾಧ ಅಂತಲೂ ಎಚ್ಚರಿಸಿದರು.

ಇಷ್ಟೆಲ್ಲ ಮಾಡಿಯೂ ಒಂದು ಉಳಿಯಿತು. ಅಸ್ಸಾಮಿನ ಪುಡಿ ಕಳಿಸುವ ಕೊಲ್ಕತ್ತಾದ ವ್ಯಾಪಾರಿ ಪ್ಯಾಕೆಟ್ ನೋಡಿ, “ಜೋದಿ ಮೈನಾ? ಅಂದ್ರೆ... ಒಂದು ವೇಳೆ ಮೈನಾ?” ಅಂತ ಕೇಳಿದರಂತೆ. ಬಂಗಾಳಿಯಲ್ಲಿ ಜೋದಿ ಅಂದ್ರೆ ‘ಒಂದು ವೇಳೆ’. ಇಂಗ್ಲಿಷ್ ಅಕ್ಷರದಲ್ಲಿ ಎರಡೂ Jodi. ನಾನು ತಲೆ ಚಚ್ಚಿಕೊಂಡೆ, ಭಾವ ನಕ್ಕರು. “ಅಲ್ಲಿಂದ ತರೋದು ಕಣೇ ನಾವು, ಅಲ್ಲಿಗೆ ಮಾರೋದಲ್ಲ.”

ಕಂಪು ಎಲ್ಲಿ ಹೋಯ್ತು ಅಂತ ಕೇಳ್ತೀರಾ? ಪ್ಯಾಕೆಟ್ಟಿನ ಕನ್ನಡದ ಮಗ್ಗುಲಲ್ಲಿ, ಹಕ್ಕಿಗಳ ಕೆಳಗೆ, ಸಣ್ಣಕ್ಷರದಲ್ಲಿ ‘ಅಪ್ಪನ ಕಾಲದ ಕಂಪು’ ಅಂತಿದೆ. ತೆಲುಗಿನ ಮಗ್ಗುಲಲ್ಲಿ ಆ ಜಾಗದಲ್ಲಿ ಬೇರೆ ಸಾಲು. ಆ ಸಾಲನ್ನು ಅನಂತಪುರದ ಹುಡುಗಿಯೇ ಬರೆದುಕೊಟ್ಟಳು, ಸಂಭಾವನೆಯಾಗಿ ಎರಡು ಕೆಜಿ ಪುಡಿ ಕೇಳಿ ಪಡೆದಳು.

ಶ್ರಾವಣ ತಪ್ಪಿತು, ದೀಪಾವಳಿಗೆ ಪ್ಯಾಕೆಟ್ ಹೊರಬಂತು. ಮೊನ್ನೆ ಶಿವಮೊಗ್ಗಕ್ಕೆ ಹೋದಾಗ ಭಾವನ ಅಂಗಡಿಯಲ್ಲಿ ಕೂತಿದ್ದೆ. ಬಳ್ಳಾರಿಯಿಂದ ಫೋನ್ ಬಂತು. ಸ್ಪೀಕರ್‌ನಲ್ಲಿತ್ತು.

“ಅಣ್ಣಾ, ಆ ಎಲ್ಡ್ ಗುಬ್ಬಿ ಟೀ ಇನ್ನೊಂದು ನಾಕ್ ಬಾಕ್ಸ್ ಕಳ್ಸ್ರಿ.”

ಭಾವ ನನ್ನ ಮುಖ ನೋಡಿದರು. “ಗುಬ್ಬಿಯಂತೆ!” ಅಂತ ಗೊಣಗಿಕೊಂಡೇ ಆರ್ಡರ್ ಬರೆದುಕೊಂಡರು.